ಹಣಕಾಸು ವಿಭಾಗದೊಂದಿಗೆ ಲೆಕ್ಕಪರಿಶೋಧಕರ ಮೊದಲ ಸಭೆ: ಪತ್ರ ಹೇಗಿರಬೇಕು, ಯಾವ ದಾಖಲೆ ಕೇಳಬೇಕು?

ಪ್ರಶ್ನೆ: ಸರ್, ನಾನು ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಈಚೆಗಷ್ಟೇ ತಂಡದ ಹೊಣೆ ವಹಿಸಿಕೊಂಡಿದ್ದೇನೆ. ಕಳೆದ ಸಲ ಹಣಕಾಸು ವಿಭಾಗಕ್ಕೆ ಸಭೆ ಕೋರಿ ಪತ್ರ ಬರೆದು, ಸಿದ್ಧವಾಗಿಡಬೇಕಾದ ದಾಖಲೆಗಳ ದೊಡ್ಡ ಪಟ್ಟಿಯನ್ನೇ ಜೊತೆಗಿಟ್ಟಿದ್ದೆ. ಎಲ್ಲವೂ ಬಂದವು, ಆದರೆ ಅರ್ಧದಷ್ಟು ಉಪಯೋಗಕ್ಕೆ ಬರಲಿಲ್ಲ. ಮತ್ತೆ ಮತ್ತೆ ಕೇಳಬೇಕಾಯಿತು, ಅವರಿಗೂ ಬೇಸರವಾಯಿತು. ಈ ಸಲ ಪತ್ರವನ್ನು ಹೇಗೆ ಬರೆಯಲಿ? ಸಭೆಗೆ ಮೊದಲು ಏನನ್ನು ಕೇಳಬೇಕು, ಏನನ್ನು ಕೇಳಬಾರದು?

ಉತ್ತರ: ನಿಮ್ಮ ಹಿಂದಿನ ಪಟ್ಟಿಯಲ್ಲಿ ಬಹುಶಃ ‘ಗ್ರಾಹಕರ ಬಾಕಿ ಪಟ್ಟಿ’, ‘ಬ್ಯಾಂಕ್ ಸ್ಟೇಟ್‌ಮೆಂಟುಗಳು’, ‘ಸ್ಥಿರಾಸ್ತಿ ರಿಜಿಸ್ಟರ್’ ಎಂಬಂತಹ ಹೆಸರುಗಳಷ್ಟೇ ಇದ್ದಿರಬೇಕು. ಹೆಸರನ್ನಷ್ಟೇ ಕೇಳಿದರೆ ಆ ಹೆಸರಿನ ಯಾವ ಕಾಗದ ಕೈಗೆ ಸಿಗುತ್ತದೋ ಅದನ್ನು ಕೊಡುತ್ತಾರೆ, ಮತ್ತು ಅದರಲ್ಲಿ ಅವರ ತಪ್ಪೇನೂ ಇರುವುದಿಲ್ಲ. ಲೆಕ್ಕಪರಿಶೋಧಕನಿಗೆ ಬೇಕಾಗಿರುವುದು ಟ್ರಯಲ್ ಬ್ಯಾಲೆನ್ಸಿನಲ್ಲಿರುವ ಒಂದು ನಿರ್ದಿಷ್ಟ ಮೊತ್ತವನ್ನು ಬಿಡಿಸಿ ತೋರಿಸುವ ಪಟ್ಟಿ. ಆದ್ದರಿಂದ ಈ ಸಲ ಪತ್ರ ಬರೆಯಲು ಕೂರುವ ಮೊದಲು ಟ್ರಯಲ್ ಬ್ಯಾಲೆನ್ಸನ್ನು ತರಿಸಿಕೊಳ್ಳಿ. ಅದು ಇನ್ನೂ ಕರಡಾಗಿದ್ದರೂ ಸರಿ, ಅದೂ ಸಿಗದಿದ್ದರೆ ಹಿಂದಿನ ವರ್ಷದ್ದನ್ನಾದರೂ ಎದುರಿಗಿಟ್ಟುಕೊಳ್ಳಿ. ಅದರ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ‘ಈ ಮೊತ್ತ ಸರಿ ಎಂದು ನನಗೆ ಯಾವುದು ತೋರಿಸಿಕೊಡುತ್ತದೆ’ ಎಂದು ಕೇಳಿಕೊಂಡರೆ ಪಟ್ಟಿ ತಾನಾಗಿಯೇ ರೂಪುಗೊಳ್ಳುತ್ತದೆ, ಮತ್ತು ಯಾವ ಮೊತ್ತಕ್ಕೂ ಸಂಬಂಧಿಸದ ದಾಖಲೆಗಳು ಬಹುಪಾಲು ತಾವಾಗಿಯೇ ಬಿಟ್ಟುಹೋಗುತ್ತವೆ.

ಹಾಗೆ ಸಿದ್ಧವಾದ ಪಟ್ಟಿಯ ಪ್ರತಿಯೊಂದು ಸಾಲಿನಲ್ಲೂ ಕೆಲವು ವಿಷಯಗಳು ಸ್ಪಷ್ಟವಾಗಿರಬೇಕು: ಅದು ಯಾವ ಖಾತೆಗೆ ಸಂಬಂಧಿಸಿದ್ದು, ಯಾವ ದಿನಾಂಕಕ್ಕೆ ಅಥವಾ ಯಾವ ಅವಧಿಗೆ ಬೇಕು, ಯಾವ ರೂಪದಲ್ಲಿ ಬೇಕು, ಯಾರು ಕೊಡಬೇಕು ಮತ್ತು ಎಂದಿನೊಳಗೆ ಕೊಡಬೇಕು. ಇವುಗಳಲ್ಲಿ ದಿನಾಂಕವೇ ಹೆಚ್ಚು ಸಲ ಬಿಟ್ಟುಹೋಗುವಂಥದ್ದು ಮತ್ತು ಹೆಚ್ಚು ಹಾನಿ ಮಾಡುವಂಥದ್ದು. ರೂಪದ ವಿಷಯವೂ ಚಿಕ್ಕದಲ್ಲ. ಸಾವಿರ ಸಾಲುಗಳ ಲೆಡ್ಜರನ್ನು ಪಿಡಿಎಫ್ ಆಗಿ ಕಳಿಸಿದರೆ ಅದನ್ನು ಕೂಡಿ ನೋಡಲಾಗದು, ವಿಂಗಡಿಸಲಾಗದು, ಅದರಿಂದ ಮಾದರಿಗಳನ್ನು ಆರಿಸುವುದೂ ಕಷ್ಟ. ಅದೇ ಬ್ಯಾಂಕ್ ಸ್ಟೇಟ್‌ಮೆಂಟನ್ನು ಯಾರೋ ಎಕ್ಸೆಲ್‌ಗೆ ನಕಲಿಸಿ ಕಳಿಸಿದರೆ ಅದು ಬ್ಯಾಂಕಿನ ದಾಖಲೆಯಾಗಿ ಉಳಿಯುವುದಿಲ್ಲ. ಹಾಗಾಗಿ ಕಂಪನಿಯೇ ತಯಾರಿಸುವ ಪಟ್ಟಿಗಳನ್ನು ಎಕ್ಸೆಲ್‌ನಲ್ಲಿಯೂ, ಹೊರಗಿನವರಿಂದ ಬಂದ ದಾಖಲೆಗಳನ್ನು ಅವು ಬಂದ ಮೂಲರೂಪದಲ್ಲಿಯೇ ಎಂದೂ ಪತ್ರದಲ್ಲಿ ಬರೆದುಬಿಡುವುದು ಒಳ್ಳೆಯದು.

ಎರಡನೆಯ ವಿಷಯ, ಕೇಳುವ ಕ್ರಮ. ವರ್ಷದ ಎಲ್ಲ ಇನ್ವಾಯ್ಸ್‌ಗಳನ್ನೂ ಎಲ್ಲ ವೋಚರುಗಳನ್ನೂ ಮೊದಲ ಪತ್ರದಲ್ಲೇ ಕೇಳುವವರಿದ್ದಾರೆ. ಅದರಿಂದ ಹಣಕಾಸು ವಿಭಾಗದ ಇಬ್ಬರು ಮೂವರು ವಾರಗಟ್ಟಲೆ ಕಪಾಟು ತೆಗೆದು ಕಡತ ಜೋಡಿಸುತ್ತಾರೆ, ನಾವು ಅದರಲ್ಲಿ ನೂರಕ್ಕೆ ಐದನ್ನೂ ತೆರೆದು ನೋಡುವುದಿಲ್ಲ. ಮೊದಲು ಕೇಳಬೇಕಾದದ್ದು ಪೂರ್ಣ ಪಟ್ಟಿಗಳನ್ನು: ಗ್ರಾಹಕರ ಬಾಕಿಯ ಪಟ್ಟಿ, ದಾಸ್ತಾನಿನ ಪಟ್ಟಿ, ವರ್ಷದಲ್ಲಿ ಕೊಂಡ ಮತ್ತು ಮಾರಿದ ಸ್ಥಿರಾಸ್ತಿಗಳ ಪಟ್ಟಿ, ಜರ್ನಲ್ ನಮೂದುಗಳ ಪಟ್ಟಿ ಇತ್ಯಾದಿ. ಆ ಪಟ್ಟಿಯ ಒಟ್ಟು ಮೊತ್ತ ಟ್ರಯಲ್ ಬ್ಯಾಲೆನ್ಸಿಗೆ ತಾಳೆಯಾದ ಮೇಲಷ್ಟೇ ಅದರಿಂದ ಮಾದರಿಗಳನ್ನು ಆರಿಸಿ, ಆರಿಸಿದವುಗಳಿಗೆ ಮಾತ್ರ ಇನ್ವಾಯ್ಸ್, ಸರಕು ರವಾನೆಯ ಚೀಟಿ, ಪಾವತಿಯ ಪುರಾವೆ ಇವುಗಳನ್ನು ಕೇಳಬೇಕು. ತಾಳೆಯಾಗದ ಪಟ್ಟಿಯಿಂದ ಆರಿಸಿದ ಮಾದರಿ ಎಷ್ಟೇ ಚೊಕ್ಕಟವಾಗಿದ್ದರೂ, ಪಟ್ಟಿಯಲ್ಲಿ ಇಲ್ಲದ ವ್ಯವಹಾರದ ಬಗ್ಗೆ ಅದು ಏನನ್ನೂ ಹೇಳಲಾರದು. ಕಂಪನಿಯೇ ಕೊಟ್ಟ ಮಾಹಿತಿಯನ್ನು ಬಳಸುವಾಗ ಅದು ಪೂರ್ಣವಾಗಿದೆಯೇ, ನಿಖರವಾಗಿದೆಯೇ ಎಂದು ಪರಿಶೋಧಕನೇ ನೋಡಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಲೆಕ್ಕಪರಿಶೋಧನಾ ಮಾನದಂಡ 500 ಹೇಳುವುದು ಇದೇ ಕಾರಣಕ್ಕೆ. ಮಾದರಿಗಳನ್ನು ಮೊದಲೇ ತಿಳಿಸದಿರುವುದರಲ್ಲಿ ಇನ್ನೊಂದು ಅನುಕೂಲವೂ ಇದೆ: ಪಟ್ಟಿ ನಮ್ಮ ಕೈಸೇರುವವರೆಗೂ ಯಾವ ವ್ಯವಹಾರವನ್ನು ನೋಡುತ್ತೇವೆಂದು ಯಾರಿಗೂ ಗೊತ್ತಿರುವುದಿಲ್ಲ.

ಇದು ಕೆಲಸದಲ್ಲಿ ಹೇಗೆ ನಡೆಯುತ್ತದೆಂದು ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಯಂತ್ರಗಳ ಬಿಡಿಭಾಗಗಳನ್ನು ಸಗಟಾಗಿ ಮಾರುವ ಮಧ್ಯಮ ಗಾತ್ರದ ಒಂದು ಕಂಪನಿ ಎಂದಿಟ್ಟುಕೊಳ್ಳಿ. ಲೆಕ್ಕದ ವರ್ಷ 2024ರ ಡಿಸೆಂಬರ್ 31ಕ್ಕೆ ಮುಗಿದಿದೆ, ಟ್ರಯಲ್ ಬ್ಯಾಲೆನ್ಸಿನಲ್ಲಿ ಗ್ರಾಹಕರಿಂದ ಬರಬೇಕಾದ ಬಾಕಿ 84,60,000 ಎಂದಿದೆ. ಪರಿಶೋಧಕರ ಪಟ್ಟಿಯಲ್ಲಿ ‘ಗ್ರಾಹಕರ ಬಾಕಿ ಪಟ್ಟಿ’ ಎಂದಷ್ಟೇ ಬರೆದಿತ್ತು. ಲೆಕ್ಕಿಗರು ಜನವರಿ 9ರಂದು ತಂತ್ರಾಂಶದಿಂದ ಪಟ್ಟಿಯನ್ನು ತೆಗೆದು ಕಳಿಸಿದರು. ಅದರ ಮೊತ್ತ 79,10,000. ವ್ಯತ್ಯಾಸ ಐದೂವರೆ ಲಕ್ಷ. ಆದರೆ ಈ ವ್ಯತ್ಯಾಸಕ್ಕೆ ಯಾವ ಅರ್ಥವೂ ಇಲ್ಲ, ಏಕೆಂದರೆ ತಂತ್ರಾಂಶಕ್ಕೆ ದಿನಾಂಕ ಹೇಳದಿದ್ದರೆ ಅದು ಪಟ್ಟಿ ತೆಗೆದ ದಿನದ ಬಾಕಿಯನ್ನೇ ತೋರಿಸುತ್ತದೆ, ಜನವರಿಯಲ್ಲಿ ಬಂದ ಹಣವೂ ಹೊಸ ಮಾರಾಟವೂ ಅದರಲ್ಲಿ ಬೆರೆತಿರುತ್ತವೆ. ಇದನ್ನು ಕಂಡುಹಿಡಿಯುವುದು ಸುಲಭ: ಪಟ್ಟಿಯಲ್ಲಿ ವರ್ಷಾಂತ್ಯದ ನಂತರದ ದಿನಾಂಕದ ಇನ್ವಾಯ್ಸ್ ಒಂದಾದರೂ ಕಂಡರೆ ಅದು ವರ್ಷಾಂತ್ಯದ ಪಟ್ಟಿಯಲ್ಲ.

ಡಿಸೆಂಬರ್ 31ಕ್ಕೆ ಎಂದು ಸ್ಪಷ್ಟವಾಗಿ ಹೇಳಿ ಮತ್ತೆ ತೆಗೆಸಿದಾಗ ಮೊತ್ತ 83,95,000 ಬಂತು. ಈಗ ಉಳಿದ 65,000 ವ್ಯತ್ಯಾಸಕ್ಕೆ ಮಾತ್ರ ಅರ್ಥವಿದೆ. ಗ್ರಾಹಕರ ಬಾಕಿಯ ಒಟ್ಟು ಖಾತೆಯ ಲೆಡ್ಜರನ್ನು ತೆರೆದು ಡಿಸೆಂಬರಿನ ನಮೂದುಗಳನ್ನು ನೋಡಿದರೆ, 31ನೆಯ ತಾರೀಖಿನಂದು ಯಾವ ಗ್ರಾಹಕನ ಹೆಸರೂ ಇಲ್ಲದೆ ಒಂದು ಜರ್ನಲ್ ನಮೂದು ಕಾಣಿಸುತ್ತದೆ: ಬಾಕಿಗೆ ಖರ್ಚು, ಮಾರಾಟಕ್ಕೆ ಜಮೆ, 65,000. ವಿವರಣೆಯ ಜಾಗದಲ್ಲಿ ‘ವರ್ಷಾಂತ್ಯದ ಹೊಂದಾಣಿಕೆ’ ಎಂದಿದೆ. ಗ್ರಾಹಕವಾರು ಪಟ್ಟಿಯಲ್ಲಿ ಇದು ಬಾರದಿರಲು ಕಾರಣ, ಅದನ್ನು ಯಾವುದೇ ಗ್ರಾಹಕನ ಖಾತೆಗೆ ಹಾಕದೆ ನೇರವಾಗಿ ಒಟ್ಟು ಖಾತೆಗೆ ಹಾಕಿರುವುದು. ವಿಚಾರಿಸಿದಾಗ, ಇನ್ವಾಯ್ಸ್ ಮಾಡಲು ಬಾಕಿ ಉಳಿದಿದ್ದ ಒಂದು ಸರಬರಾಜಿಗಾಗಿ ಅದನ್ನು ಹಾಕಿದ್ದೆಂದು ಉತ್ತರ ಬಂತು. ಸರಕು ರವಾನೆಯ ಚೀಟಿಯನ್ನು ತರಿಸಿ ನೋಡಿದರೆ ಸರಕು ಗೋದಾಮಿನಿಂದ ಹೊರಟದ್ದು ಜನವರಿ 2ರಂದು. ಹೊರಟ ನಂತರವೇ ಸರಕಿನ ಹೊಣೆ ಗ್ರಾಹಕನಿಗೆ ಸೇರುತ್ತದೆ ಎಂಬುದು ಅವರ ಒಪ್ಪಂದವಾಗಿದ್ದರೆ ಈ ಮಾರಾಟ ಮುಂದಿನ ವರ್ಷದ್ದು, ಮತ್ತು ಈ ವರ್ಷದ ಬಾಕಿ, ಮಾರಾಟ ಎರಡೂ 65,000ದಷ್ಟು ಕಡಿಮೆಯಾಗಬೇಕು. ಸರಕು ವರ್ಷಾಂತ್ಯದ ದಾಸ್ತಾನಿನ ಎಣಿಕೆಯಲ್ಲಿ ಸೇರಿತ್ತೇ ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ.

ಆ ಪಟ್ಟಿಯಲ್ಲೇ ಇನ್ನೂ ಒಂದು ವಿಷಯವಿತ್ತು. ಮೂವರು ಗ್ರಾಹಕರ ಹೆಸರಿನ ಮುಂದೆ ಋಣ ಚಿಹ್ನೆಯೊಂದಿಗೆ ಒಟ್ಟು 2,40,000 ಇತ್ತು. ಅವರು ಮುಂಗಡ ಕೊಟ್ಟಿದ್ದರು, ಸರಕು ಇನ್ನೂ ಹೋಗಿರಲಿಲ್ಲ. ಒಬ್ಬ ಗ್ರಾಹಕನಿಗೆ ನಾವು ಕೊಡಬೇಕಾದದ್ದನ್ನು ಇನ್ನೊಬ್ಬನಿಂದ ಬರಬೇಕಾದದ್ದರಲ್ಲಿ ಕಳೆದು ತೋರಿಸುವಂತಿಲ್ಲ. ಆದ್ದರಿಂದ ಬಾಕಿಯನ್ನು 86,35,000 ಎಂದೂ, ಗ್ರಾಹಕರ ಮುಂಗಡವನ್ನು ಹೊಣೆಗಾರಿಕೆಯ ಕಡೆಯಲ್ಲಿ 2,40,000 ಎಂದೂ ಬೇರೆ ಬೇರೆಯಾಗಿ ತೋರಿಸಬೇಕು. ಒಟ್ಟು ಮೊತ್ತವನ್ನಷ್ಟೇ ಕೇಳಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇಷ್ಟಾದ ಮೇಲೆ ಮಾದರಿಗಳನ್ನು ಆರಿಸುವ ಹಂತ. 86,35,000ರಲ್ಲಿ ದೊಡ್ಡ ಆರು ಗ್ರಾಹಕರ ಬಾಕಿಯೇ 51,80,000, ಅಂದರೆ ಸುಮಾರು ಶೇಕಡಾ 60. ಅವರೆಲ್ಲರಿಗೂ, ಉಳಿದವರಲ್ಲಿ ಆರಿಸಿದ ಕೆಲವರಿಗೂ ಬಾಕಿಯನ್ನು ದೃಢಪಡಿಸುವಂತೆ ಕೋರಿ ಪತ್ರ ಹೋಗುತ್ತದೆ. ಎಲ್ಲರೂ ಉತ್ತರಿಸುವುದಿಲ್ಲ. ಉತ್ತರಿಸದವರ ವಿಷಯದಲ್ಲಿ ನಮಗಿರುವ ಒಳ್ಳೆಯ ಪುರಾವೆಯೆಂದರೆ ವರ್ಷಾಂತ್ಯದ ನಂತರ ಅವರಿಂದ ಹಣ ನಿಜವಾಗಿಯೂ ಬಂತೇ ಎಂಬುದು. ಹೀಗಾಗಿ ಹಿಂದಿನ ವರ್ಷದ ಲೆಕ್ಕಕ್ಕೆ ಜನವರಿಯ ಬ್ಯಾಂಕ್ ಸ್ಟೇಟ್‌ಮೆಂಟೂ, ಜನವರಿಯಲ್ಲಿ ಹೊರಡಿಸಿದ ಕ್ರೆಡಿಟ್ ನೋಟುಗಳೂ ಬೇಕಾಗುತ್ತವೆ. ಹಣಕಾಸು ವಿಭಾಗದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ‘ಅದು ಈ ವರ್ಷದ್ದಲ್ಲವಲ್ಲ’ ಎನ್ನುತ್ತಾರೆ. ಡಿಸೆಂಬರಿನಲ್ಲಿ ತೋರಿಸಿದ ಮಾರಾಟವನ್ನು ಜನವರಿಯಲ್ಲಿ ಕ್ರೆಡಿಟ್ ನೋಟಿನ ಮೂಲಕ ಹಿಂತೆಗೆದುಕೊಂಡಿದ್ದರೆ ಡಿಸೆಂಬರಿನ ಅಂಕಿಯೇ ಸಂಶಯಕ್ಕೆ ಒಳಗಾಗುತ್ತದೆ ಎಂಬ ಕಾರಣವನ್ನು ಒಂದು ವಾಕ್ಯದಲ್ಲಿ ಪತ್ರದಲ್ಲೇ ಬರೆದರೆ ಆ ಪ್ರಶ್ನೆ ಏಳುವುದಿಲ್ಲ. ಕೇಳಿದ್ದಕ್ಕೆ ಕಾರಣ ಕೊಡುವ ಅಭ್ಯಾಸವನ್ನು ಅಸಾಮಾನ್ಯವಾದ ಪ್ರತಿಯೊಂದು ಸಾಲಿಗೂ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಏಕೆ ಬೇಕೆಂದು ಗೊತ್ತಿರುವ ಲೆಕ್ಕಿಗರು ಎಷ್ಟೋ ಸಲ ನಾವು ಕೇಳಿದ್ದಕ್ಕಿಂತ ಉತ್ತಮವಾದ ದಾಖಲೆಯನ್ನು ತಾವೇ ತೋರಿಸುತ್ತಾರೆ.

ಕೆಲವು ಕೋರಿಕೆಗಳು ಈ ಪತ್ರಕ್ಕೆ ಕಾಯುವಂತಿಲ್ಲ. ದಾಸ್ತಾನು ಗಣನೀಯವಾಗಿದ್ದರೆ ಅದರ ಎಣಿಕೆಯ ವೇಳೆ ಪರಿಶೋಧಕರು ಹಾಜರಿರಬೇಕೆಂದು ಮಾನದಂಡ 501 ಹೇಳುತ್ತದೆ. ಆದ್ದರಿಂದ ಎಣಿಕೆಯ ದಿನ, ಸ್ಥಳ, ಎಣಿಕೆಯ ಸೂಚನೆಗಳ ಪ್ರತಿ ಇವುಗಳನ್ನು ವರ್ಷಾಂತ್ಯಕ್ಕೆ ಮೊದಲೇ ಬೇರೆ ಪತ್ರದಲ್ಲಿ ಕೇಳಬೇಕು. ಬ್ಯಾಂಕಿನ ದೃಢೀಕರಣಕ್ಕೆ ಕಂಪನಿಯ ಅಧಿಕೃತ ಸಹಿ ಬೇಕು, ಬ್ಯಾಂಕಿನಿಂದ ಉತ್ತರ ಬರಲು ವಾರಗಳೇ ಹಿಡಿಯಬಹುದು, ಹಾಗಾಗಿ ಸಹಿಗಾಗಿ ಪತ್ರದ ನಮೂನೆಗಳನ್ನು ಆದಷ್ಟು ಬೇಗ ಕಳಿಸಿ. ಆದರೆ ಸಹಿಯಾದ ಪತ್ರಗಳನ್ನು ಬ್ಯಾಂಕಿಗೂ ಗ್ರಾಹಕರಿಗೂ ಕಳಿಸುವವರು ನೀವೇ ಆಗಿರಬೇಕು, ಉತ್ತರ ನೇರವಾಗಿ ನಿಮಗೇ ಬರಬೇಕು. ‘ನೀವು ತೊಂದರೆ ತೆಗೆದುಕೊಳ್ಳಬೇಡಿ, ನಾವೇ ಕಳಿಸಿ ಉತ್ತರ ತರಿಸಿಕೊಡುತ್ತೇವೆ’ ಎಂದು ಹಣಕಾಸು ವಿಭಾಗದವರು ಸದುದ್ದೇಶದಿಂದಲೇ ಹೇಳಬಹುದು. ಮಾನದಂಡ 505ರ ಪ್ರಕಾರ ಈ ಪತ್ರವ್ಯವಹಾರದ ಮೇಲಿನ ಹಿಡಿತ ಪರಿಶೋಧಕರದ್ದೇ ಆಗಿರಬೇಕಾದ್ದರಿಂದ ಅದನ್ನು ನಯವಾಗಿ ನಿರಾಕರಿಸಬೇಕಾಗುತ್ತದೆ.

ಇನ್ನು ಸಭೆಯ ವಿಷಯ. ದಾಖಲೆಗಳನ್ನು ಕೈಗೆ ತೆಗೆದುಕೊಳ್ಳಲು ಸಭೆ ಬೇಡ, ಅದಕ್ಕೆ ಹಂಚಿಕೊಂಡ ಸುರಕ್ಷಿತ ಫೋಲ್ಡರ್ ಸಾಕು. ಕಾಗದ ಹೇಳದ್ದನ್ನು ಕೇಳುವುದಕ್ಕೆ ಸಭೆ ಬೇಕು: ಈ ವರ್ಷ ವ್ಯವಹಾರದಲ್ಲಿ ಏನು ಬದಲಾಯಿತು, ಹೊಸ ಸಾಲ ಬಂತೇ, ತಂತ್ರಾಂಶ ಬದಲಾಯಿತೇ, ಲೆಕ್ಕದ ವಿಧಾನ ಬದಲಾಯಿತೇ, ಯಾವ ಅಂದಾಜುಗಳ ಬಗ್ಗೆ ಅವರಿಗೇ ಅನುಮಾನವಿದೆ, ಕೆಲಸದಲ್ಲಿ ಯಾರು ಬಂದರು, ಯಾರು ಹೋದರು. ವರ್ಷದ ನಡುವೆ ತಂತ್ರಾಂಶ ಬದಲಾಗಿದ್ದರೆ ಹಳೆಯದರ ಮುಕ್ತಾಯದ ಶಿಲ್ಕು ಹೊಸದರ ಆರಂಭದ ಶಿಲ್ಕಾಗಿ ಸರಿಯಾಗಿ ಬಂದಿದೆಯೆಂದು ತೋರಿಸುವ ತಾಳೆ ಬೇಕಾಗುತ್ತದೆ, ಮತ್ತು ಅದು ಯಾವ ಸಿದ್ಧ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಾಗಿ ಸಭೆಯಲ್ಲಿ ನಿಮ್ಮ ಪಟ್ಟಿಗೆ ಹೊಸ ಸಾಲುಗಳು ಸೇರಿ, ಕೆಲವು ಸಾಲುಗಳು ಹೊರಟುಹೋಗಬೇಕು. ಮೂರು ವರ್ಷಗಳಿಂದ ಶೂನ್ಯವಾಗಿರುವ ಖಾತೆಯ ವಿವರವನ್ನು ಪ್ರತಿ ವರ್ಷವೂ ಕೇಳುತ್ತಿದ್ದರೆ ಆ ಪಟ್ಟಿಯನ್ನು ಹಿಂದಿನ ವರ್ಷದ್ದರಿಂದ ನಕಲು ಮಾಡಿದ್ದೆಂದು ಎದುರಿನವರಿಗೆ ಗೊತ್ತಾಗುತ್ತದೆ.

ಸಭೆಗೆ ಹಣಕಾಸು ಮುಖ್ಯಸ್ಥರನ್ನು ಮಾತ್ರವಲ್ಲದೆ, ಬ್ಯಾಂಕ್ ಹೊಂದಾಣಿಕೆಯನ್ನೂ ಬಾಕಿ ಪಟ್ಟಿಯನ್ನೂ ಕೈಯಾರೆ ತಯಾರಿಸುವವರನ್ನು ಕರೆಯಿರಿ. ತಿಂಗಳ ಲೆಕ್ಕ ಮುಚ್ಚುವ ದಿನಗಳನ್ನೂ ಸಂಬಳ ಹಾಕುವ ದಿನಗಳನ್ನೂ ಬಿಟ್ಟು ದಿನಾಂಕ ಸೂಚಿಸಿ, ಒಂದರ ಬದಲು ಎರಡು ದಿನಾಂಕ ಕೊಡಿ. ಒಂದೂವರೆ ಗಂಟೆ ಸಾಕು. ಒಂದು ಎಚ್ಚರಿಕೆ: ವಂಚನೆಯ ಬಗ್ಗೆ ಏನಾದರೂ ಗೊತ್ತಿದೆಯೇ, ನಿಯಮ ಮೀರಿ ನಮೂದು ಹಾಕುವಂತೆ ಯಾರಾದರೂ ಹೇಳಿದ್ದುಂಟೇ ಎಂಬ ಪ್ರಶ್ನೆಗಳನ್ನು ನಾವು ಕೇಳಲೇಬೇಕು, ಆದರೆ ಮೇಲಧಿಕಾರಿ ಪಕ್ಕದಲ್ಲಿ ಕುಳಿತಿರುವಾಗ ಕಿರಿಯ ಲೆಕ್ಕಿಗರು ಅದಕ್ಕೆ ಮುಕ್ತವಾಗಿ ಉತ್ತರಿಸಲಾರರು. ಅವನ್ನು ಈ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸದೆ, ಒಬ್ಬೊಬ್ಬರೊಂದಿಗೆ ಬೇರೆಯಾಗಿ ಮಾತಾಡಲು ಸಮಯ ಕೇಳಿಕೊಳ್ಳಿ.

ಮೇಲಿನ ಕಂಪನಿಗೆ ನಾನಾಗಿದ್ದರೆ ಬರೆಯುತ್ತಿದ್ದ ಪತ್ರ ಹೀಗಿರುತ್ತದೆ. ದಿನಾಂಕಗಳನ್ನೂ ಸಾಲುಗಳನ್ನೂ ನಿಮ್ಮ ಕಂಪನಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ವಿಷಯ: 2024ರ ಡಿಸೆಂಬರ್ 31ಕ್ಕೆ ಮುಗಿದ ವರ್ಷದ ಲೆಕ್ಕಪರಿಶೋಧನೆ – ಸಭೆಯ ಕೋರಿಕೆ ಮತ್ತು ದಾಖಲೆಗಳ ಪಟ್ಟಿ

ಮಾನ್ಯ ಹಣಕಾಸು ಮುಖ್ಯಸ್ಥರಿಗೆ,

ಮೇಲ್ಕಂಡ ವರ್ಷದ ಲೆಕ್ಕಪರಿಶೋಧನೆಯನ್ನು ಆರಂಭಿಸುವ ಮುನ್ನ ನಿಮ್ಮ ವಿಭಾಗದೊಂದಿಗೆ ಒಂದೂವರೆ ಗಂಟೆಯ ಸಭೆಯನ್ನು ಕೋರುತ್ತೇವೆ. ಜನವರಿ 14, ಮಂಗಳವಾರ ಬೆಳಿಗ್ಗೆ 10.30 ಅಥವಾ ಜನವರಿ 15, ಬುಧವಾರ ಅದೇ ಸಮಯ, ಇವೆರಡರಲ್ಲಿ ಅನುಕೂಲವಾದುದನ್ನು ತಿಳಿಸಬೇಕಾಗಿ ವಿನಂತಿ. ಗ್ರಾಹಕರ ಬಾಕಿ, ಬ್ಯಾಂಕ್ ಹೊಂದಾಣಿಕೆ ಮತ್ತು ದಾಸ್ತಾನಿನ ಲೆಕ್ಕ ನೋಡಿಕೊಳ್ಳುವವರೂ ಸಭೆಯಲ್ಲಿದ್ದರೆ ಉಪಯುಕ್ತವಾಗುತ್ತದೆ. ವರ್ಷದಲ್ಲಿ ಆದ ಬದಲಾವಣೆಗಳು, ಮುಖ್ಯ ಅಂದಾಜುಗಳು, ಈ ಪತ್ರದಲ್ಲಿರುವ ಪಟ್ಟಿಯ ಪರಿಶೀಲನೆ ಮತ್ತು ಕೆಲಸದ ವೇಳಾಪಟ್ಟಿ, ಇವು ಚರ್ಚೆಯ ವಿಷಯಗಳು. ನಮ್ಮ ತಂಡ ನಿಮ್ಮ ಕಚೇರಿಯಲ್ಲಿ ಫೆಬ್ರವರಿ 3ರಿಂದ ಕೆಲಸ ಆರಂಭಿಸುತ್ತದೆ.

ಜನವರಿ 10ರೊಳಗೆ, ಸಭೆಗೆ ಮೊದಲು ಬೇಕಾದವು:

1. ಡಿಸೆಂಬರ್ 31ಕ್ಕೆ ಟ್ರಯಲ್ ಬ್ಯಾಲೆನ್ಸ್, ಎಕ್ಸೆಲ್‌ನಲ್ಲಿ, ಹಿಂದಿನ ವರ್ಷದ ಅಂಕಿಗಳೊಂದಿಗೆ. ಕರಡಾಗಿದ್ದರೆ ಹಾಗೆಂದು ನಮೂದಿಸಿ.
2. ಇಡೀ ವರ್ಷದ ಜನರಲ್ ಲೆಡ್ಜರ್ ಮತ್ತು ಎಲ್ಲ ಜರ್ನಲ್ ನಮೂದುಗಳು, ಎಕ್ಸೆಲ್‌ನಲ್ಲಿ. ಪ್ರತಿ ನಮೂದಿಗೂ ಸಂಖ್ಯೆ, ದಿನಾಂಕ, ಹಾಕಿದವರು, ಅನುಮೋದಿಸಿದವರು ಮತ್ತು ವಿವರಣೆ ಇರಲಿ.
3. ವರ್ಷದಲ್ಲಿ ನಡೆದ ಆಡಳಿತ ಮಂಡಳಿ ಸಭೆಗಳ ನಡಾವಳಿ ಮತ್ತು ಹೊಸ ಸಾಲ, ಗುತ್ತಿಗೆಗಳ ಒಪ್ಪಂದಗಳು.

ಜನವರಿ 24ರೊಳಗೆ ಬೇಕಾದವು:

4. ಎಲ್ಲ ಬ್ಯಾಂಕ್ ಖಾತೆಗಳ ಡಿಸೆಂಬರ್ 31ರ ಹೊಂದಾಣಿಕೆ ಪಟ್ಟಿ, ಮತ್ತು ಡಿಸೆಂಬರ್ ತಿಂಗಳ ಸ್ಟೇಟ್‌ಮೆಂಟುಗಳು ಬ್ಯಾಂಕಿನಿಂದ ಬಂದ ರೂಪದಲ್ಲೇ. ವರ್ಷದಲ್ಲಿ ಮುಚ್ಚಿದ ಖಾತೆಗಳನ್ನೂ ಸೇರಿಸಿ.
5. ಡಿಸೆಂಬರ್ 31ಕ್ಕೆ ಗ್ರಾಹಕರ ಬಾಕಿಯ ಇನ್ವಾಯ್ಸ್‌ವಾರು ಪಟ್ಟಿ, ಬಾಕಿ ಉಳಿದ ಅವಧಿಯೊಂದಿಗೆ, ಟ್ರಯಲ್ ಬ್ಯಾಲೆನ್ಸಿಗೆ ತಾಳೆ ಮಾಡಿ. ವ್ಯತ್ಯಾಸವಿದ್ದರೆ ಅದನ್ನು ಸರಿಪಡಿಸದೆ ಕಾರಣದೊಂದಿಗೆ ಹಾಗೆಯೇ ಕೊಡಿ.
6. ಡಿಸೆಂಬರ್ 31ಕ್ಕೆ ಪೂರೈಕೆದಾರರಿಗೆ ಕೊಡಬೇಕಾದ ಬಾಕಿಯ ಪಟ್ಟಿ, ಮತ್ತು ದೊಡ್ಡ ಪೂರೈಕೆದಾರರು ಕಳಿಸಿದ ಖಾತಾ ವಿವರಗಳು.
7. ದಾಸ್ತಾನಿನ ಅಂತಿಮ ಪಟ್ಟಿ, ಪ್ರಮಾಣ ಮತ್ತು ದರದೊಂದಿಗೆ, ಎಣಿಕೆಯ ಹಾಳೆಗಳ ಸಹಿತ.
8. ಸ್ಥಿರಾಸ್ತಿ ರಿಜಿಸ್ಟರ್: ಆರಂಭದ ಶಿಲ್ಕು, ವರ್ಷದಲ್ಲಿ ಸೇರಿದ್ದು, ಹೋದದ್ದು, ಸವಕಳಿ ಮತ್ತು ಕೊನೆಯ ಶಿಲ್ಕು.
9. ತಿಂಗಳುವಾರು ಸಂಬಳದ ಸಾರಾಂಶ. ನೌಕರರ ಬ್ಯಾಂಕ್ ಖಾತೆ ಸಂಖ್ಯೆಗಳು ಬೇಡ.
10. ತೆರಿಗೆಯ ಲೆಕ್ಕಾಚಾರ ಮತ್ತು ಬಾಕಿಯಿರುವ ವ್ಯಾಜ್ಯಗಳ ಪಟ್ಟಿ.

ಫೆಬ್ರವರಿ 7ರೊಳಗೆ ಬೇಕಾದವು:

11. ಜನವರಿ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟುಗಳು, ಕ್ರೆಡಿಟ್ ನೋಟುಗಳ ಪಟ್ಟಿ ಮತ್ತು ಪಾವತಿಗಳ ಪಟ್ಟಿ. ವರ್ಷಾಂತ್ಯದ ಬಾಕಿಗಳು ನಂತರ ಹೇಗೆ ತೀರಿದವೆಂದು ನೋಡಲು ಇವು ಬೇಕು.

ಇನ್ವಾಯ್ಸ್, ವೋಚರುಗಳನ್ನು ಈಗ ಜೋಡಿಸುವ ಅಗತ್ಯವಿಲ್ಲ. ಮೇಲಿನ ಪಟ್ಟಿಗಳಿಂದ ನಾವು ಆರಿಸಿದವುಗಳ ವಿವರವನ್ನು ಜನವರಿ 29ರಂದು ಕಳಿಸುತ್ತೇವೆ. ಯಾವುದಾದರೂ ದಾಖಲೆ ನಿಮ್ಮಲ್ಲಿ ಇಲ್ಲದಿದ್ದರೆ ಹೊಸದಾಗಿ ತಯಾರಿಸುವ ಮೊದಲು ದಯವಿಟ್ಟು ನಮಗೆ ತಿಳಿಸಿ.

ವಂದನೆಗಳೊಂದಿಗೆ.

ಈ ಪತ್ರದ ಕೆಲವು ಮಾತುಗಳನ್ನು ವಿವರಿಸಬೇಕು. ಐದನೆಯ ಸಾಲಿನಲ್ಲಿ ವ್ಯತ್ಯಾಸವನ್ನು ಸರಿಪಡಿಸದೆ ಕೊಡಿ ಎಂದಿರುವುದಕ್ಕೆ ಕಾರಣ, ತಾಳೆಯಾಗದ ಪಟ್ಟಿ ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು ಒಂದು ನಮೂದು ಹಾಕಿ ಎರಡನ್ನೂ ಸಮ ಮಾಡಿಬಿಡುವವರಿದ್ದಾರೆ. ಆಗ ಆ 65,000ದಂಥದ್ದು ಮುಚ್ಚಿಹೋಗುತ್ತದೆ. ಮುಚ್ಚಿದ ಬ್ಯಾಂಕ್ ಖಾತೆಗಳನ್ನು ಕೇಳಿರುವುದು, ವರ್ಷಾಂತ್ಯದಲ್ಲಿ ಶಿಲ್ಕು ಇಲ್ಲದ ಖಾತೆಯಲ್ಲೂ ವರ್ಷವಿಡೀ ವ್ಯವಹಾರ ನಡೆದಿರಬಹುದೆಂದು. ಜರ್ನಲ್ ನಮೂದುಗಳನ್ನು ಹಾಕಿದವರ ಹೆಸರಿನೊಂದಿಗೆ ಕೇಳಿರುವುದಕ್ಕೆ ಮಾನದಂಡ 240ರ ಹಿನ್ನೆಲೆಯಿದೆ: ಆಡಳಿತದವರೇ ನಿಯಂತ್ರಣಗಳನ್ನು ಮೀರಿ ಲೆಕ್ಕ ತಿದ್ದುವ ಸಾಧ್ಯತೆಯನ್ನು ಯಾವ ಕಂಪನಿಯಲ್ಲೂ ತಳ್ಳಿಹಾಕಲಾಗದಾದ್ದರಿಂದ, ವಿಶೇಷವಾಗಿ ವರ್ಷದ ಕೊನೆಯಲ್ಲಿ ಹಾಕಿದ ನಮೂದುಗಳನ್ನು ನಾವು ಆರಿಸಿ ನೋಡಲೇಬೇಕು. ಕಡೆಯ ವಾಕ್ಯವೂ ಅಷ್ಟೇ ಮುಖ್ಯ. ನಾವು ಕೇಳಿದ್ದೆಂಬ ಒಂದೇ ಕಾರಣಕ್ಕೆ, ವರ್ಷದಲ್ಲಿ ಎಂದೂ ಇಟ್ಟಿರದ ರಿಜಿಸ್ಟರನ್ನು ರಾತ್ರೋರಾತ್ರಿ ಬರೆದು ಕೊಟ್ಟರೆ ನಮ್ಮ ಕೈಗೆ ಬರುವುದು ಆ ವರ್ಷದ ದಾಖಲೆಯಾಗಿರುವುದಿಲ್ಲ. ‘ಆ ರಿಜಿಸ್ಟರ್ ಇಟ್ಟಿಲ್ಲ’ ಎಂಬ ಪ್ರಾಮಾಣಿಕ ಉತ್ತರ ನಮಗೆ ಅದಕ್ಕಿಂತ ಹೆಚ್ಚು ಉಪಯುಕ್ತ, ಏಕೆಂದರೆ ಆಗ ಬೇರೆ ಯಾವ ಪುರಾವೆಯಿಂದ ಆ ಮೊತ್ತವನ್ನು ಪರೀಕ್ಷಿಸಬಹುದೆಂದು ಒಟ್ಟಿಗೆ ಕುಳಿತು ಯೋಚಿಸಬಹುದು.

ದಾಖಲೆಗಳು ಬರತೊಡಗಿದ ಮೇಲೆ ಪ್ರತಿ ಸಾಲಿನ ಮುಂದೆ ‘ಬಂದಿದೆ’ ಎಂದು ಬರೆದು ಸುಮ್ಮನಾಗಬೇಡಿ. ಬಂದ ದಿನವೇ ತೆರೆದು ಮೂರು ವಿಷಯ ನೋಡಿ: ದಿನಾಂಕ ಸರಿಯಿದೆಯೇ, ಮೊತ್ತ ಟ್ರಯಲ್ ಬ್ಯಾಲೆನ್ಸಿಗೆ ತಾಳೆಯಾಗುತ್ತದೆಯೇ, ಪಟ್ಟಿಯನ್ನು ತೆಗೆಯುವಾಗ ಯಾವುದಾದರೂ ಶಾಖೆಯನ್ನೋ ಗ್ರಾಹಕರ ವರ್ಗವನ್ನೋ ಬಿಟ್ಟಿದ್ದಾರೆಯೇ. ಇದಕ್ಕೆ ಒಂದೊಂದು ಪಟ್ಟಿಗೆ ಹತ್ತು ನಿಮಿಷ ಸಾಕು, ಆದರೆ ಅದನ್ನು ಫೆಬ್ರವರಿ 3ರವರೆಗೆ ಮುಂದೂಡಿದರೆ ತಂಡದವರೆಲ್ಲ ಕಚೇರಿಗೆ ಹೋಗಿ ಕುಳಿತ ಮೇಲೆ ತಪ್ಪು ಪಟ್ಟಿ ಎಂದು ತಿಳಿಯುತ್ತದೆ. ನಿಮ್ಮ ಹಿಂದಿನ ಅನುಭವದಲ್ಲಿ ಮತ್ತೆ ಮತ್ತೆ ಕೇಳಬೇಕಾದದ್ದರಲ್ಲಿ ಒಂದಷ್ಟು ಪಾಲು ಇಲ್ಲಿಂದಲೇ ಬಂದಿರಬಹುದು. ತಾಳೆಯಾಗದ ಎಲ್ಲವನ್ನೂ ಒಟ್ಟುಗೂಡಿಸಿ ದಿನಕ್ಕೊಂದೇ ಸಲ ಕೇಳಿ. ಅವರ ಕಡೆಯಲ್ಲಿ ಒಬ್ಬರನ್ನೇ ಸಂಪರ್ಕಕ್ಕೆ ಗೊತ್ತುಮಾಡಿಸಿಕೊಳ್ಳಿ, ನಿಮ್ಮ ತಂಡದಿಂದಲೂ ಒಬ್ಬರೇ ಕೇಳಲಿ. ಒಂದೇ ದಾಖಲೆಯನ್ನು ನಿಮ್ಮ ಇಬ್ಬರು ಸಹಾಯಕರು ಬೇರೆ ಬೇರೆಯಾಗಿ ಕೇಳುವುದಕ್ಕಿಂತ ಹೆಚ್ಚಾಗಿ ಹಣಕಾಸು ವಿಭಾಗದ ತಾಳ್ಮೆಯನ್ನು ಕೆಡಿಸುವುದು ಇನ್ನೊಂದಿಲ್ಲ.

ಟ್ರಯಲ್ ಬ್ಯಾಲೆನ್ಸ್ ಕರಡಾಗಿದ್ದರೆ ಅದು ಬದಲಾಗಿಯೇ ತೀರುತ್ತದೆ. ಹೊಸ ಆವೃತ್ತಿ ಕೊಡುವಾಗಲೆಲ್ಲ, ಹಿಂದಿನದರಿಂದ ಇದಕ್ಕೆ ಬರಲು ಹಾಕಿದ ನಮೂದುಗಳ ಪಟ್ಟಿಯನ್ನೂ ಜೊತೆಗೆ ಕೊಡಬೇಕೆಂದು ಸಭೆಯಲ್ಲೇ ಒಪ್ಪಿಸಿಕೊಳ್ಳಿ. ಇಲ್ಲವಾದರೆ ತಾಳೆ ಮಾಡಿ ಮುಗಿಸಿದ ಪಟ್ಟಿಗಳು ಒಂದೊಂದಾಗಿ ಮತ್ತೆ ತಪ್ಪಿಹೋಗುತ್ತವೆ, ಯಾವ ನಮೂದಿನಿಂದ ತಪ್ಪಿತೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಕೆಲವು ದಾಖಲೆಗಳು ಎಷ್ಟು ಕೇಳಿದರೂ ಬರುವುದಿಲ್ಲ. ಮರೆವಿನಿಂದ ತಡವಾಗುವುದಕ್ಕೂ ಕೊಡಲು ಇಷ್ಟವಿಲ್ಲದಿರುವುದಕ್ಕೂ ವ್ಯತ್ಯಾಸವನ್ನು ಗುರುತಿಸಿ: ಒಂದೇ ವಿಷಯಕ್ಕೆ ಸಂಬಂಧಿಸಿದ ಎಲ್ಲ ಸಾಲುಗಳೂ ನಿಂತುಹೋಗಿ, ಉಳಿದವೆಲ್ಲ ಸಮಯಕ್ಕೆ ಬರುತ್ತಿದ್ದರೆ ಅದರ ಕಡೆಗೆ ಗಮನ ಕೊಡಬೇಕು. ಬೇಕಾದ ಎಲ್ಲ ಮಾಹಿತಿಯನ್ನೂ ಬೇಕಾದ ವ್ಯಕ್ತಿಗಳ ಭೇಟಿಯನ್ನೂ ಒದಗಿಸುವುದು ಆಡಳಿತದ ಹೊಣೆಯೆಂದು ಮಾನದಂಡ 210ರ ಪ್ರಕಾರ ನೇಮಕದ ಪತ್ರದಲ್ಲೇ ಅವರು ಒಪ್ಪಿರುತ್ತಾರೆ. ಅಗತ್ಯ ಬಿದ್ದಾಗ ಆ ಪತ್ರವನ್ನು ಉಲ್ಲೇಖಿಸಿ, ಬಾಕಿ ಉಳಿದ ಸಾಲುಗಳನ್ನು ಮಾತ್ರ ಹೆಸರಿಸಿ, ನಿಮ್ಮ ಹಿರಿಯ ಪಾಲುದಾರರ ಸಹಿಯಲ್ಲಿ ಆಡಳಿತಕ್ಕೆ ಬರೆಯಿಸಿ. ಆ ಹಂತದಲ್ಲಿ ‘ದಾಖಲೆ ಸಿಗುತ್ತಿಲ್ಲ, ಬೇಕಿದ್ದರೆ ಎಲ್ಲವೂ ಸರಿಯಾಗಿದೆಯೆಂದು ಲಿಖಿತವಾಗಿ ಬರೆದುಕೊಡುತ್ತೇವೆ’ ಎಂಬ ಮಾತು ಬರಬಹುದು. ಆಡಳಿತದ ಲಿಖಿತ ಹೇಳಿಕೆಯನ್ನು ನಾವು ಕೊನೆಯಲ್ಲಿ ಹೇಗೂ ಪಡೆಯುತ್ತೇವೆ, ಆದರೆ ಅದೊಂದೇ ಸಾಕಷ್ಟು ಪುರಾವೆಯಾಗದೆಂದು ಮಾನದಂಡ 580 ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಪಟ್ಟಿಯಲ್ಲಿ ಆ ಸಾಲನ್ನು ‘ಬಂದಿಲ್ಲ’ ಎಂದೇ ಉಳಿಸಿ, ಬೇರೆ ಪುರಾವೆ ಸಿಕ್ಕಿತೇ, ಸಿಗದಿದ್ದರೆ ಆ ಮೊತ್ತ ವರದಿಯ ಮೇಲೆ ಪರಿಣಾಮ ಬೀರುವಷ್ಟು ದೊಡ್ಡದೇ ಎಂಬ ಟಿಪ್ಪಣಿಯನ್ನು ಅದರ ಪಕ್ಕದಲ್ಲಿ ಬರೆದು ಕಡತಕ್ಕೆ ಸೇರಿಸಿ.